ಹಿರಿಯರ ಫೋಟೊದಲ್ಲಿ ತಲೆ ಸರಿಯಾಗಿ ಕೂರದಿದ್ದಾಗ: ಕತ್ತು, ಹೆಗಲು ಮತ್ತು ಕಾಲರ್ ಹೊಂದಿಸುವ ದೋಷ ನಿವಾರಣೆ ಕೈಪಿಡಿ

ಮನೆಯ ಹಿರಿಯರೊಬ್ಬರು ತೀರಿಕೊಂಡ ಮೇಲೆ ತಿಥಿಯೊಳಗೆ ಒಂದು ದೊಡ್ಡ ಫೋಟೊ ಬೇಕೆಂದು ಮನೆಯವರು ಸ್ಟುಡಿಯೊಗೆ ಬರುತ್ತಾರೆ. ಅವರ ಕೈಯಲ್ಲಿರುವುದು ಮದುವೆಯ ಗುಂಪು ಫೋಟೊ, ಹಳೆಯ ಪಾಸ್‌ಪೋರ್ಟ್ ಅಳತೆಯ ಚಿತ್ರ, ಅಥವಾ ಮೊಮ್ಮಗ ಮೊಬೈಲಿನಲ್ಲಿ ತೆಗೆದ ಸೆಲ್ಫಿ. ಹಿರಿಯರು ಬನಿಯನ್ನಿನಲ್ಲಿರುತ್ತಾರೆ, ಇಲ್ಲವೆ ಅವರ ಹೆಗಲ ಮೇಲೆ ಬೇರೆಯವರ ಕೈ ಇರುತ್ತದೆ. ಆದ್ದರಿಂದ ಬಿಳಿ ಅಂಗಿ ಮತ್ತು ಶಲ್ಯವಿರುವ, ಅಥವಾ ರೇಷ್ಮೆ ಸೀರೆ ಉಟ್ಟಿರುವ ಇನ್ನೊಬ್ಬರ ದೇಹಕ್ಕೆ ಇವರ ತಲೆಯನ್ನು ಕೂರಿಸಿಕೊಡಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಮನೆಯವರು ಚಿತ್ರವನ್ನು ನೋಡಿ, “ಮುಖ ಅಪ್ಪನದೇ, ಆದರೂ ಅಪ್ಪನ ಹಾಗೆ ಕಾಣುತ್ತಿಲ್ಲ” ಎಂದರೆ ದೋಷ ಬಹುಪಾಲು ಮುಖದಲ್ಲಿರುವುದಿಲ್ಲ. ಅದು ಗದ್ದದಿಂದ ಹೆಗಲಿನವರೆಗಿನ ಒಂದು ಗೇಣು ಜಾಗದಲ್ಲಿ ಇರುತ್ತದೆ.

ಈ ಕೈಪಿಡಿ ಆ ಒಂದು ಗೇಣಿನ ಕುರಿತದ್ದು. ಇಲ್ಲಿ ಫೋಟೊಶಾಪ್ ತಂತ್ರಾಂಶವನ್ನು ಇಟ್ಟುಕೊಂಡು ವಿವರಿಸಿದ್ದೇನೆ. ಲೇಯರ್, ಅಂದರೆ ಒಂದರ ಮೇಲೊಂದು ಕೂರುವ ಚಿತ್ರದ ಪದರ, ಮತ್ತು ಮಾಸ್ಕ್ ಸೌಲಭ್ಯವಿರುವ ಬೇರೆ ತಂತ್ರಾಂಶದಲ್ಲಿಯೂ ಕ್ರಮ ಇದೇ. ತಲೆ, ಅಂಗಿಯ ಮುಂಭಾಗ ಮತ್ತು ಕಾಲರಿನ ಹಿಂಭಾಗ ಬೇರೆ ಬೇರೆ ಲೇಯರ್‌ಗಳಲ್ಲಿರಲಿ, ಮತ್ತು ಯಾವುದನ್ನೂ ಅಳಿಸದೆ ಮಾಸ್ಕಿನಿಂದ ಮಾತ್ರ ಮರೆಮಾಡಿರಲಿ. ಅಳಿಸಿಬಿಟ್ಟ ಕತ್ತನ್ನು ಮತ್ತೆ ತರಲಾಗುವುದಿಲ್ಲ, ಮತ್ತು ಇಲ್ಲಿ ಹೇಳುವ ಬಹುತೇಕ ಪರಿಹಾರಗಳಿಗೆ ಆ ಕತ್ತೇ ಬೇಕಾಗುತ್ತದೆ.

ಮೊದಲು ಮಾಡಬೇಕಾದ, ಖರ್ಚಿಲ್ಲದ ಮೂರು ಪರೀಕ್ಷೆಗಳು

ಏನೋ ಸರಿಯಿಲ್ಲ ಎನ್ನಿಸಿ, ಏನೆಂದು ತಿಳಿಯದಿದ್ದಾಗ ಚಿತ್ರವನ್ನು ಪರದೆಯ ಮೇಲೆ ಹೆಬ್ಬೆಟ್ಟಿನ ಗಾತ್ರಕ್ಕೆ ಕುಗ್ಗಿಸಿ ನೋಡಬೇಕು. ಆ ಗಾತ್ರದಲ್ಲಿಯೂ ತಪ್ಪು ಕಾಣುತ್ತಿದ್ದರೆ ಅದು ಅಳತೆಯ ಅಥವಾ ಬೆಳಕಿನ ತಪ್ಪು. ದೊಡ್ಡದು ಮಾಡಿದಾಗ ಮಾತ್ರ ಕಾಣುತ್ತಿದ್ದರೆ ಅದು ಅಂಚಿನ ಅಥವಾ ಕಾಳಿನ, ಅಂದರೆ ಚಿತ್ರದ ಮೈಮೇಲಿನ ಸಣ್ಣ ಚುಕ್ಕೆಗಳ, ತಪ್ಪು. ಎರಡನೆಯದಾಗಿ, ಚಿತ್ರವನ್ನು ತಾತ್ಕಾಲಿಕವಾಗಿ ಕಪ್ಪು-ಬಿಳುಪಿಗೆ ತರಬೇಕು. ಬಣ್ಣ ಹೋದ ಕೂಡಲೇ ಜೋಡಣೆ ಒಪ್ಪುವಂತಾದರೆ ಉಳಿದಿರುವುದು ಬಣ್ಣದ ಕೆಲಸ ಮಾತ್ರ. ಮೂರನೆಯದಾಗಿ, ಇಡೀ ಚಿತ್ರವನ್ನು ಕನ್ನಡಿಯಂತೆ ಮಗುಚಿ ನೋಡಿ ಮತ್ತೆ ಮೊದಲಿನಂತೆ ಮಾಡಬೇಕು. ಗಂಟೆಗಟ್ಟಲೆ ನೋಡಿ ಒಗ್ಗಿಹೋದ ಕಣ್ಣಿಗೆ ಕತ್ತಿನ ವಾಲುವಿಕೆ ಆಗ ಥಟ್ಟನೆ ಕಾಣುತ್ತದೆ. ಈ ಮೂರಕ್ಕೂ ಸೇರಿ ಎರಡು ನಿಮಿಷ ಸಾಕು, ಮತ್ತು ಕೆಳಗಿನ ಯಾವ ಭಾಗಕ್ಕೆ ಹೋಗಬೇಕೆಂಬುದನ್ನು ಇವೇ ತೋರಿಸಿಕೊಡುತ್ತವೆ.

ಲಕ್ಷಣ: ತಲೆ ಹೆಗಲಿಗಿಂತ ದೊಡ್ಡದಾಗಿ, ಗೊಂಬೆಯಂತೆ ಕಾಣುತ್ತದೆ, ಅಥವಾ ಚಿಕ್ಕದಾಗಿ, ದೊಡ್ಡವರ ಅಂಗಿ ತೊಟ್ಟಂತೆ ಕಾಣುತ್ತದೆ

ಇದೇ ಅತಿ ಸಾಮಾನ್ಯವಾದ ದೋಷ, ಮತ್ತು ಇದಕ್ಕೆ ಕಾರಣವೂ ಹೆಚ್ಚುಕಡಿಮೆ ಯಾವಾಗಲೂ ಒಂದೇ. ಕೆಲಸ ಮಾಡುವವರು `Ctrl+T` ಒತ್ತಿ, ತಲೆಯ ಕತ್ತು ಅಂಗಿಯ ಕಾಲರನ್ನು ತುಂಬುವವರೆಗೆ ಹಿಗ್ಗಿಸುತ್ತಾರೆ. ಕತ್ತಿಗೆ ಕಾಲರ್ ಸರಿಹೋಯಿತೆಂದರೆ ತಲೆಯ ಅಳತೆ ಸರಿಯಾಯಿತೆಂದು ಅವರು ತಿಳಿಯುತ್ತಾರೆ. ಆದರೆ ಕತ್ತಿನ ದಪ್ಪ ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ತಲೆಯ ಅಗಲ ಅಷ್ಟಾಗಿ ಬದಲಾಗುವುದಿಲ್ಲ. ವಯಸ್ಸಾದವರ ಕತ್ತು ಬತ್ತಿರುತ್ತದೆ, ತಲೆಬುರುಡೆ ಬತ್ತುವುದಿಲ್ಲ. ಬತ್ತಿದ ಕತ್ತನ್ನು ಯುವಕನೊಬ್ಬನ ಕಾಲರಿಗೆ ಹಿಗ್ಗಿಸಿದರೆ ತಲೆ ಅಷ್ಟೇ ಪಾಲು ಊದಿಕೊಳ್ಳುತ್ತದೆ.

ಆದ್ದರಿಂದ ತಲೆಯ ಗಾತ್ರವನ್ನು ಹೆಗಲಿನಿಂದ ನಿರ್ಧರಿಸಬೇಕು, ಕತ್ತಿನಿಂದಲ್ಲ. ಕಿವಿಗಳನ್ನು ಬಿಟ್ಟು, ಕಿವಿಯ ಮೇಲ್ಭಾಗದ ನೇರಕ್ಕೆ ತಲೆಯ ಅಗಲವನ್ನು ಅಳೆಯಿರಿ. ಅಂಗಿಯ ಒಂದು ತೋಳಿನ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿನವರೆಗೆ ಹೆಗಲನ್ನು ಅಳೆಯಿರಿ. ನೇರವಾಗಿ ಎದುರಿಗೆ ನಿಂತ ವಯಸ್ಕ ಗಂಡಸಿನಲ್ಲಿ ಹೆಗಲು ತಲೆಯ ಸುಮಾರು ಮೂರು ಪಟ್ಟು ಬರುತ್ತದೆ, ಹೆಂಗಸಿನಲ್ಲಿ ಅದಕ್ಕಿಂತ ತುಸು ಕಡಿಮೆ. ಇದು ಒರಟು ಲೆಕ್ಕ. ಇದಕ್ಕಿಂತ ನಂಬಲರ್ಹವಾದದ್ದು ಆ ವ್ಯಕ್ತಿಯದೇ ಇನ್ನೊಂದು ಚಿತ್ರದಲ್ಲಿ ಸಿಗುವ ಪ್ರಮಾಣ. ಹೆಗಲು ಕಾಣುವ ಯಾವುದೇ ಹಳೆಯ ಚಿತ್ರವನ್ನು, ಅದರಲ್ಲಿ ಮುಖ ಮಸುಕಾಗಿದ್ದರೂ ಪರವಾಗಿಲ್ಲ, ಮನೆಯವರಿಂದ ತರಿಸಿಕೊಳ್ಳಬೇಕು.

ನಾನು ಮಾಡಿದ ಒಂದು ಕೆಲಸದ ಲೆಕ್ಕವನ್ನು ಇಲ್ಲಿ ಪೂರ್ತಿಯಾಗಿ ಕೊಡುತ್ತೇನೆ. ಎಪ್ಪತ್ತು ದಾಟಿದ ರೈತರೊಬ್ಬರು ಬನಿಯನ್ ತೊಟ್ಟು, ಇಬ್ಬರು ಮಕ್ಕಳ ನಡುವೆ ನಿಂತ ಪೋಸ್ಟ್‌ಕಾರ್ಡ್ ಅಳತೆಯ ಚಿತ್ರವದು. ಅದರ ಸ್ಕ್ಯಾನಿನಲ್ಲಿ ಅವರ ತಲೆಯ ಅಗಲ 310 ಪಿಕ್ಸೆಲ್, ಕತ್ತಿನ ಅಗಲ 225 ಪಿಕ್ಸೆಲ್, ಹೆಗಲು 945 ಪಿಕ್ಸೆಲ್ ಇತ್ತು. ದೇಹಕ್ಕೆ ಆರಿಸಿದ ಚಿತ್ರದಲ್ಲಿ ಅಂಗಿಯ ಹೆಗಲು 1860 ಪಿಕ್ಸೆಲ್, ಕಾಲರಿನ ಒಳ ಅಗಲ 480 ಪಿಕ್ಸೆಲ್. ನನಗಿಂತ ಮೊದಲು ಕೆಲಸ ಮಾಡಿದ ಹುಡುಗ ಕತ್ತನ್ನು ಕಾಲರಿಗೆ ಸರಿಮಾಡಲು ತಲೆಯನ್ನು 213 ಶೇಕಡಾಕ್ಕೆ ಹಿಗ್ಗಿಸಿದ್ದ. ಆಗ ತಲೆ 660 ಪಿಕ್ಸೆಲ್ ಆಗಿ, ಹೆಗಲು ಅದರ 2.8 ಪಟ್ಟು ಮಾತ್ರ ಉಳಿದಿತ್ತು. ಮೂಲ ಚಿತ್ರದಲ್ಲಿ ಅದೇ ಪ್ರಮಾಣ 3.05. ವ್ಯತ್ಯಾಸ ಸಂಖ್ಯೆಯಲ್ಲಿ ಚಿಕ್ಕದು. ಮನೆಯವರ ಕಣ್ಣಿಗೆ ತಪ್ಪು ಕಾಣಲು ಅಷ್ಟೇ ಸಾಕಾಗಿತ್ತು. 1860ನ್ನು 3.05ರಿಂದ ಭಾಗಿಸಿದರೆ ತಲೆ 610 ಪಿಕ್ಸೆಲ್ ಇರಬೇಕು, ಅಂದರೆ 197 ಶೇಕಡಾ. ಆ ಗಾತ್ರದಲ್ಲಿ ಕತ್ತು 443 ಪಿಕ್ಸೆಲ್ ಆಯಿತು, ಮತ್ತು ಕಾಲರಿನ ಎರಡೂ ಬದಿಗೆ 18 ಪಿಕ್ಸೆಲ್‌ನಷ್ಟು ಸಂದು ಉಳಿಯಿತು. ಆ ಸಂದನ್ನು ಏನು ಮಾಡಬೇಕೆಂಬುದು ಮುಂದಿನ ಭಾಗದ ವಿಷಯ.

ಇಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. ತಲೆಯನ್ನು ಎರಡು ಪಟ್ಟು ಹಿಗ್ಗಿಸುವ ಬದಲು ದೇಹವನ್ನು ಅರ್ಧಕ್ಕೆ ಕುಗ್ಗಿಸಿ ಜೋಡಿಸಬೇಕು, ಮತ್ತು ಮುದ್ರಣಕ್ಕೆ ಬೇಕಾದ ಗಾತ್ರಕ್ಕೆ ಇಡೀ ಚಿತ್ರವನ್ನು ಕೊನೆಯಲ್ಲಿ ಒಮ್ಮೆ ಮಾತ್ರ ಹಿಗ್ಗಿಸಬೇಕು. ಹಾಗೆ ಮಾಡಿದರೆ ಮುಖ ಮತ್ತು ಅಂಗಿ ಎರಡೂ ಒಂದೇ ಪ್ರಮಾಣದಲ್ಲಿ ಮೃದುವಾಗುತ್ತವೆ; ಮಸುಕಾದ ಮುಖದ ಕೆಳಗೆ ನೂಲು ನೂಲೂ ಎಣಿಸುವಷ್ಟು ಸ್ಪಷ್ಟವಾದ ಅಂಗಿ ಉಳಿಯುವುದಿಲ್ಲ.

ಲಕ್ಷಣ: ತಲೆಯ ಅಳತೆ ಸರಿಯಿದೆ, ಆದರೆ ಕತ್ತು ಕಾಲರಿನಲ್ಲಿ ಕೂರುತ್ತಿಲ್ಲ

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಚಿತ್ರದಲ್ಲಿರುವ ಕತ್ತು ಯಾರದು ಎಂಬುದು. ಗದ್ದದ ಕೆಳಗೇ ತಲೆಯನ್ನು ಕತ್ತರಿಸಿ, ದೇಹದವನ ಕತ್ತನ್ನು ಹಾಗೆಯೇ ಉಳಿಸಿಕೊಂಡಿದ್ದರೆ ಜೋಡಣೆಯ ಗೆರೆ ಚರ್ಮದ ಮೇಲೆ ಚರ್ಮ ಬರುವ ಜಾಗದಲ್ಲಿ ಬಿದ್ದಿರುತ್ತದೆ. ಅಲ್ಲಿ ಬಣ್ಣ, ನೆರಿಗೆ, ನರ, ಗಡ್ಡದ ಬುಡ ಎಲ್ಲವೂ ಹೊಂದಬೇಕು. ಎಪ್ಪತ್ತರ ಮುಖದ ಕೆಳಗೆ ಮೂವತ್ತರ ನುಣುಪು ಕತ್ತು ಬಂದರೆ ಎಷ್ಟು ತೀಡಿದರೂ ಅದು ಒಪ್ಪುವುದಿಲ್ಲ. ನನ್ನ ಅಭಿಪ್ರಾಯ ಖಚಿತವಾಗಿದೆ: ಕತ್ತು ಯಾವಾಗಲೂ ತಲೆಯ ಜೊತೆಗೆ ಬರಬೇಕು, ಮತ್ತು ಜೋಡಣೆ ಕಾಲರಿನ ಮರೆಯಲ್ಲಿ ನಡೆಯಬೇಕು. ಹಾಗಾದಾಗ ಚರ್ಮಕ್ಕೆ ಬಟ್ಟೆ ತಾಗುವ ಗೆರೆಯೊಂದೇ ಉಳಿಯುತ್ತದೆ, ಮತ್ತು ಅದು ನಿಜವಾದ ಚಿತ್ರದಲ್ಲಿಯೂ ಇರುವ ಗೆರೆಯೇ.

ಇದನ್ನು ಸಾಧಿಸಲು ಕಾಲರನ್ನು ಎರಡು ತುಂಡಾಗಿ ನೋಡಬೇಕು. ಕತ್ತಿನ ಹಿಂದೆ ಸುತ್ತಿಬರುವ ಒಳಭಾಗವು ಎಲ್ಲಕ್ಕಿಂತ ಕೆಳಗಿನ ಲೇಯರ್ ಆಗಬೇಕು. ಅದರ ಮೇಲೆ ಕತ್ತು ಸಹಿತ ತಲೆ. ಅದರ ಮೇಲೆ ಕಾಲರಿನ ಎರಡು ಮುಂದಿನ ಎಲೆಗಳು ಮತ್ತು ಅಂಗಿ. ಕತ್ತು ಕಾಲರಿನ ಮೇಲೆ ಅಂಟಿಸಿದ ಹಾಗೆ ಕಾಣುತ್ತಿದ್ದರೆ ಹಿಂದಿನ ಒಳಭಾಗ ಮರೆತುಹೋಗಿದೆ ಅಥವಾ ಮುಂದಿನ ಎಲೆಗಳು ತಲೆಯ ಲೇಯರಿನ ಕೆಳಗೆ ಉಳಿದಿವೆ ಎಂದರ್ಥ. ದೇಹದ ಚಿತ್ರದಲ್ಲಿ ಮೊದಲಿನ ಕತ್ತು ಕಾಲರಿನ ಹಿಂಭಾಗವನ್ನು ಮುಚ್ಚಿರುವುದರಿಂದ, ಕಾಣುವ ಎರಡು ತುದಿಗಳಿಂದ ಬಟ್ಟೆಯನ್ನು ನಕಲು ಮಾಡಿ ನಡುವಿನ ಭಾಗವನ್ನು ತುಂಬಬೇಕಾಗುತ್ತದೆ. ಬಹುಭಾಗ ಹೊಸ ಕತ್ತಿನ ಹಿಂದೆ ಮರೆಯಾಗುವುದರಿಂದ ಇಲ್ಲಿ ಅತಿ ನಿಖರತೆ ಬೇಕಿಲ್ಲ.

ಈಗ ಸಂದಿನ ವಿಷಯ. ಕತ್ತಿಗಿಂತ ಕಾಲರ್ ಅಗಲವಾಗಿದ್ದರೆ ಅದು ಯಾವಾಗಲೂ ದೋಷವಲ್ಲ. ಹದಿನೈದೂವರೆ ಇಂಚಿನ ಕಾಲರ್ ಎಂದರೆ ಸುತ್ತಳತೆ ಸುಮಾರು 39 ಸೆಂಟಿಮೀಟರ್. ಅದನ್ನು ವೃತ್ತವೆಂದು ಹಿಡಿದರೆ ಅಡ್ಡಗಲ ಹನ್ನೆರಡೂವರೆ ಸೆಂಟಿಮೀಟರ್. ಬತ್ತಿದ ಕತ್ತಿನ ಸುತ್ತಳತೆ 36 ಸೆಂಟಿಮೀಟರ್ ಇದ್ದರೆ ಅಡ್ಡಗಲ ಹನ್ನೊಂದೂವರೆ. ಒಂದು ಸೆಂಟಿಮೀಟರ್ ಸಂದು ನಿಜ ಜೀವನದಲ್ಲಿಯೇ ಇರುತ್ತದೆ, ಮತ್ತು ವಯಸ್ಸಾದವರ ಅಂಗಿಯ ಕಾಲರ್ ಸಡಿಲವಾಗಿರುವುದನ್ನು ನಾವೆಲ್ಲರೂ ನೋಡಿದ್ದೇವೆ. ಮೇಲೆ ಹೇಳಿದ ರೈತರ ಚಿತ್ರದಲ್ಲಿ ನಾನು ಸಂದನ್ನು ಪೂರ್ತಿ ಮುಚ್ಚಲಿಲ್ಲ. ಕಾಲರಿನ ಎಲೆಗಳನ್ನು `Warp` ಬಳಸಿ ಒಳಕ್ಕೆ ಎಂಟು-ಹತ್ತು ಪಿಕ್ಸೆಲ್ ಎಳೆದು, ಉಳಿದ ಸಂದಿನಲ್ಲಿ ಕಾಲರಿನ ಒಳಬಟ್ಟೆ ನೆರಳಿನಲ್ಲಿ ಕಾಣುವಂತೆ ಬಿಟ್ಟೆ. ಸಡಿಲವಾದ ಕಾಲರೇ ಅವರನ್ನು ಅವರಂತೆ ಮಾಡಿತು.

ಸಂದು ಅದಕ್ಕಿಂತ ದೊಡ್ಡದಿದ್ದರೆ ಬದಲಿಸಬೇಕಾದದ್ದು ಅಂಗಿಯನ್ನು, ಕತ್ತನ್ನಲ್ಲ. ಕಾಲರಿನ ಎರಡೂ ಬದಿಯನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ತರುವಾಗ ಗುಂಡಿಯ ಪಟ್ಟಿ ನೇರವಾಗಿಯೇ ಉಳಿದಿದೆಯೇ, ಗೆರೆಯ ಅಂಗಿಯಾದರೆ ಗೆರೆಗಳು ಬಾಗಿವೆಯೇ ಎಂದು ನೋಡುತ್ತಿರಬೇಕು. ಕತ್ತು ಕಾಲರಿಗಿಂತ ದಪ್ಪವಿದ್ದರೆ ಮೇಲಿನ ಗುಂಡಿ ಬಿಚ್ಚಿರುವ ಅಂಗಿಯ ಚಿತ್ರವನ್ನು ಹುಡುಕುವುದೇ ಸುಲಭ. ಕತ್ತನ್ನು `Liquify` ಬಳಸಿ ಸಣ್ಣ ಮಾಡಿದರೆ ದವಡೆಯ ಗೆರೆಯೂ ಜೊತೆಗೆ ಎಳೆದುಕೊಂಡು ಹೋಗಿ ಮುಖದ ಚಹರೆ ಬದಲಾಗುತ್ತದೆ. ದವಡೆಯಿಂದ ಮೇಲೆ ಒಂದು ಪಿಕ್ಸೆಲ್ಲನ್ನೂ ಮುಟ್ಟಬಾರದು ಎಂಬುದನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ.

ಕಾಲರ್ ಕೂತ ಮೇಲೂ ತಲೆ ತೇಲುವಂತೆ ಕಂಡರೆ ನೆರಳು ಇಲ್ಲವೆಂದು ತಿಳಿಯಬೇಕು. ಗದ್ದ ಕತ್ತಿನ ಮೇಲೆ ನೆರಳು ಚೆಲ್ಲುತ್ತದೆ, ಕತ್ತು ಕಾಲರಿನ ಒಳಮೈಯ ಮೇಲೆ ನೆರಳು ಚೆಲ್ಲುತ್ತದೆ, ಕಾಲರಿನ ಅಂಚು ಕತ್ತಿನ ಬುಡದಲ್ಲಿ ಒಂದು ಸಣ್ಣ, ಕಡು ಗೆರೆಯನ್ನು ಬಿಡುತ್ತದೆ. ಈ ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹೊಸ ಲೇಯರ್ ತೆಗೆದು `Multiply` ಕ್ರಮದಲ್ಲಿ, ಕಪ್ಪಿನ ಬದಲು ಅದೇ ಚರ್ಮದ ಕಡು ಕಂದು ಬಣ್ಣವನ್ನು ತೆಳುವಾಗಿ ಹಚ್ಚಬೇಕು; ಅಂಚಿನ ಹತ್ತಿರ ಗಾಢವಾಗಿ, ದೂರ ಹೋದಂತೆ ಕರಗುವಂತೆ ಇರಬೇಕು.

ಸೀರೆ ಉಟ್ಟ ದೇಹದಲ್ಲಿ ಈ ಅನುಕೂಲವಿಲ್ಲ. ರವಿಕೆಯ ಕೊರಳು ತೆರೆದಿರುವುದರಿಂದ ಚರ್ಮಕ್ಕೆ ಚರ್ಮ ಸೇರುವ ಗೆರೆ ಎಲ್ಲಿಯಾದರೂ ಬರಲೇಬೇಕು. ಅದನ್ನು ಕತ್ತಿನ ನಡುವೆ ತರದೆ, ಕೊರಳಿನ ಸರದ ಕೆಳ ಅಂಚಿನಲ್ಲಿಯೋ ಕತ್ತಿನ ಬುಡದ ಎಲುಬಿನ ನೆರಳಿನಲ್ಲಿಯೋ ತರುವುದು ಕ್ಷೇಮ. ಆದರೆ ದೇಹದವರ ಕೊರಳಿನಲ್ಲಿರುವ ಕರಿಮಣಿ ಅಥವಾ ತಾಳಿಯನ್ನು ಉಳಿಸಬೇಕೇ, ತೆಗೆಯಬೇಕೇ ಎಂಬುದನ್ನು ಮನೆಯವರನ್ನು ಕೇಳದೆ ತೀರ್ಮಾನಿಸಬಾರದು. ಹಣೆಯ ಕುಂಕುಮಕ್ಕೂ ಇದೇ ಮಾತು.

ಲಕ್ಷಣ: ಕತ್ತು ಉದ್ದವಾಗಿದೆ, ಅಥವಾ ಗದ್ದ ಎದೆಯ ಮೇಲೆಯೇ ಕೂತಂತಿದೆ

ಎತ್ತರವನ್ನು ಕಾಲರಿನಿಂದ ಅಳೆಯಬಾರದು, ಏಕೆಂದರೆ ಕಾಲರ್ ಏರುತ್ತದೆ, ಇಳಿಯುತ್ತದೆ. ಎರಡು ಕೊರಳೆಲುಬುಗಳ ನಡುವಿನ ಗಂಟಲು ಕುಳಿಯೇ ಸ್ಥಿರವಾದ ಗುರುತು. ತಲೆ ನೆಟ್ಟಗಿದ್ದು ಎದುರಿಗೆ ನೋಡುತ್ತಿರುವಾಗ ಗದ್ದದಿಂದ ಆ ಕುಳಿಗೆ ಇರುವ ದೂರ, ನೆತ್ತಿಯಿಂದ ಗದ್ದದವರೆಗಿನ ಎತ್ತರದ ಸುಮಾರು ಮೂರನೆಯ ಒಂದು ಭಾಗ. ಅಂಗಿ ಕುಳಿಯನ್ನು ಮುಚ್ಚಿದ್ದರೆ ಅದು ಮೊದಲ ಗುಂಡಿಯ ನೇರಕ್ಕೆ, ಸ್ವಲ್ಪ ಆಚೀಚೆ, ಇದೆಯೆಂದು ಊಹಿಸಿ ಕೆಲಸ ಆರಂಭಿಸಬಹುದು. ಬೆನ್ನು ಬಾಗಿದ ವೃದ್ಧರಲ್ಲಿ ತಲೆ ಮುಂದಕ್ಕೆ ಬಂದಿರುವುದರಿಂದ ಈ ದೂರ ಕಡಿಮೆಯಾಗುತ್ತದೆ, ಮತ್ತು ಅದನ್ನು ಹಾಗೆಯೇ ಬಿಡಬೇಕು. ಅಜ್ಜನ ಕತ್ತನ್ನು ನೆಟ್ಟಗೆ ಉದ್ದ ಮಾಡಿದರೆ ಚಿತ್ರ ಅಂದವಾಗಬಹುದು, ಆದರೆ ಅಜ್ಜ ಕಾಣುವುದಿಲ್ಲ.

ಕತ್ತಿನಿಂದ ಹೆಗಲಿಗೆ ಇಳಿಯುವ ಇಳಿಜಾರನ್ನೂ ಇಲ್ಲಿಯೇ ನೋಡಬೇಕು. ಹೊಲದಲ್ಲಿ ದುಡಿದು, ಹೊರೆ ಹೊತ್ತವರಲ್ಲಿ ಆ ಸ್ನಾಯು ತುಂಬಿಕೊಂಡು ಇಳಿಜಾರು ಎತ್ತರದಿಂದಲೇ ಶುರುವಾಗುತ್ತದೆ. ಬಡಕಲು ದೇಹದಲ್ಲಿ ಹೆಗಲು ಅಡ್ಡಪಟ್ಟಿಯಂತೆ ಕಾಣುತ್ತದೆ. ಬಟ್ಟೆಯ ಮೇಲೆ ಕಾಣುವ ಇಳಿಜಾರಿನ ಗೆರೆಯನ್ನು ಮೇಲಕ್ಕೆ ಮುಂದುವರಿಸಿದರೆ ಅದು ಕತ್ತಿನ ಬದಿಯನ್ನು ಕಿವಿಯ ಕೆಳಗೆ ಎಲ್ಲಿಯೋ ಸೇರಬೇಕು. ಅದು ಹಾಗೆ ಸೇರದಿದ್ದರೆ ತಲೆಯನ್ನು ಕೂರಿಸಿದ ಎತ್ತರ ತಪ್ಪಿದೆ.

ಲಕ್ಷಣ: ಎಲ್ಲ ಅಳತೆಯೂ ಸರಿಯಿದೆ, ಆದರೂ ಮುಖ ಮುಂದಕ್ಕೆ ಚಾಚಿದಂತೆ, ಮುಖವಾಡದಂತೆ ಕಾಣುತ್ತದೆ

ಮೊಬೈಲ್ ಸೆಲ್ಫಿಯಿಂದ ತೆಗೆದ ತಲೆಯಲ್ಲಿ ಈ ದೋಷ ಬಂದೇ ಬರುತ್ತದೆ, ಮತ್ತು ಇದಕ್ಕೆ ಕಾರಣ ಕ್ಯಾಮೆರಾ ಇದ್ದ ದೂರ. ಮುಖದಿಂದ 45 ಸೆಂಟಿಮೀಟರ್ ದೂರದಲ್ಲಿ ಮೊಬೈಲ್ ಇದ್ದು, ಕತ್ತು ಮುಖಕ್ಕಿಂತ ಹತ್ತು ಸೆಂಟಿಮೀಟರ್ ಹಿಂದೆ ಇದೆಯೆಂದು ಇಟ್ಟುಕೊಳ್ಳೋಣ. ಕತ್ತಿಗೆ ಕ್ಯಾಮೆರಾದಿಂದ 55 ಸೆಂಟಿಮೀಟರ್. ಹಾಗಾಗಿ ಮುಖದ ಹೋಲಿಕೆಯಲ್ಲಿ ಕತ್ತು 55ಕ್ಕೆ 45ರಷ್ಟು, ಅಂದರೆ ಸುಮಾರು 18 ಶೇಕಡಾ ಸಣ್ಣದಾಗಿ ಕಾಣುತ್ತದೆ. ಸ್ಟುಡಿಯೊದಲ್ಲಿ 180 ಸೆಂಟಿಮೀಟರ್ ದೂರದಿಂದ ತೆಗೆದ ದೇಹದಲ್ಲಿ ಇದೇ ಇಳಿಕೆ ಐದು ಶೇಕಡಾ ಮಾತ್ರ. ಸೆಲ್ಫಿಯ ತಲೆ ತನ್ನ ಜೊತೆಗೆ ತಂದ ಸಣಕಲು ಕತ್ತು ಸ್ಟುಡಿಯೊ ಅಂಗಿಗೆ ಹೊಂದದಿರುವುದು ಇದರಿಂದಲೇ.

ಕತ್ತರಿಸುವ ಮೊದಲೇ ಇದನ್ನು ಪತ್ತೆ ಮಾಡುವ ಬಗೆಯೂ ಇದೆ. ಮೂಗು ದಪ್ಪವಾಗಿದ್ದು, ಕಿವಿಗಳು ಕೆನ್ನೆಯ ಹಿಂದೆ ಅರ್ಧ ಮರೆಯಾಗಿದ್ದರೆ ಚಿತ್ರ ಹತ್ತಿರದಿಂದ ತೆಗೆದದ್ದು. ಕತ್ತನ್ನು ಮಾತ್ರ ಪ್ರತ್ಯೇಕವಾಗಿ ಹತ್ತು-ಹನ್ನೆರಡು ಶೇಕಡಾ ಅಗಲ ಮಾಡಿ ಒಂದು ಮಟ್ಟಿಗೆ ಸರಿಮಾಡಬಹುದು. ಈ ಕೈಪಿಡಿಯಲ್ಲಿ ಕತ್ತಿನ ಅಗಲವನ್ನು ಮುಟ್ಟಬಹುದೆಂದು ನಾನು ಹೇಳುವುದು ಇದೊಂದೇ ಸಂದರ್ಭದಲ್ಲಿ. ಮೂಗು ಮತ್ತು ಕಿವಿಯನ್ನು ತಿದ್ದಲು ಹೋಗಬಾರದು. ಬೇರೊಬ್ಬರು ಎರಡು ಮಾರು ದೂರದಿಂದ ತೆಗೆದ, ಇಷ್ಟು ಸ್ಪಷ್ಟವಿಲ್ಲದ ಚಿತ್ರ ಮನೆಯಲ್ಲಿದ್ದರೆ ಅದೇ ಹೆಚ್ಚು ಉಪಯುಕ್ತ.

ಲಕ್ಷಣ: ಮುಖದ ಬೆಳಕು ಒಂದು ಕಡೆ, ಅಂಗಿಯ ಬೆಳಕು ಇನ್ನೊಂದು ಕಡೆ

ಮೂಗಿನ ನೆರಳು ಯಾವ ಕೆನ್ನೆಯ ಮೇಲೆ ಬಿದ್ದಿದೆ, ಕಾಲರಿನ ನೆರಳು ಯಾವ ಬದಿಗೆ ಬಿದ್ದಿದೆ ಎಂದು ಹೋಲಿಸಿದರೆ ದೋಷ ತಿಳಿಯುತ್ತದೆ. ಕೈಗೆ ಮೊದಲು ಬರುವ ಉಪಾಯವೆಂದರೆ ಒಂದನ್ನು ಕನ್ನಡಿಯಂತೆ ಮಗುಚುವುದು. ತಲೆಯನ್ನಂತೂ ಮಗುಚಬಾರದು. ಬೈತಲೆ, ಮಚ್ಚೆ, ಮೂಗುಬೊಟ್ಟು, ಸೊಟ್ಟ ಹಲ್ಲು ಎಲ್ಲವೂ ಬದಿ ಬದಲಿಸುತ್ತವೆ, ಮತ್ತು ಹೆಂಡತಿ ಮಕ್ಕಳಿಗೆ ಅದು ತಕ್ಷಣ ತಿಳಿಯುತ್ತದೆ. ಇದು ಹಳೆಯ ತಪ್ಪು. ಅಮೆರಿಕದ ಅಧ್ಯಕ್ಷ ಲಿಂಕನ್ ಅವರ ತಲೆಯನ್ನು ರಾಜಕಾರಣಿ ಜಾನ್ ಕ್ಯಾಲ್ಹೂನ್ ಅವರ ದೇಹಕ್ಕೆ ಸೇರಿಸಿದ ಹತ್ತೊಂಬತ್ತನೆಯ ಶತಮಾನದ ಮುದ್ರಿತ ಚಿತ್ರವೊಂದು ಪ್ರಸಿದ್ಧವಾಗಿದೆ. ಅದು ಜೋಡಣೆಯೆಂಬ ಅನುಮಾನ ಹುಟ್ಟಿದ್ದು ಲಿಂಕನ್ ಅವರ ಕೆನ್ನೆಯ ಮಚ್ಚೆ ತಪ್ಪು ಬದಿಗೆ ಬಂದಿದ್ದರಿಂದ.

ದೇಹವನ್ನು ಮಗುಚಬಹುದು, ಆದರೆ ಎಚ್ಚರದಿಂದ. ಗಂಡಸರ ಅಂಗಿಯಲ್ಲಿ ತೊಟ್ಟವರ ಎಡಭಾಗದ ಪಟ್ಟಿ ಮೇಲೆ ಬರುತ್ತದೆ, ಜೇಬೂ ಎಡಕ್ಕೇ ಇರುತ್ತದೆ. ಮಗುಚಿದರೆ ಎರಡೂ ಬಲಕ್ಕೆ ಹೋಗುತ್ತವೆ. ಸೀರೆಯ ಸೆರಗು ನಮ್ಮಲ್ಲಿ ಸಾಮಾನ್ಯವಾಗಿ ಎಡ ಹೆಗಲಿನ ಮೇಲಿರುತ್ತದೆ. ಕೊಡವ ಹೆಂಗಸರ ಉಡಿಗೆಯಲ್ಲಿ ಮಾತ್ರ ನೆರಿಗೆ ಹಿಂದಕ್ಕಿದ್ದು ಸೆರಗಿನ ತುದಿ ಬಲ ಹೆಗಲಿಗೆ ಬರುತ್ತದೆ, ಆದ್ದರಿಂದ ಅವರಿಗೆ ಬೇರೆಯವರ ಸೀರೆಯ ದೇಹವನ್ನು ಮಗುಚಿ ಕೊಟ್ಟರೂ ಅದು ಅವರ ಉಡಿಗೆ ಆಗುವುದಿಲ್ಲ. ಮಗುಚುವುದಕ್ಕಿಂತ, ಬೆಳಕು ಎದುರಿನಿಂದಲೇ ಬಿದ್ದಿರುವ ದೇಹದ ಚಿತ್ರವನ್ನು ಆರಿಸಿಕೊಂಡು, `Curves` ಲೇಯರಿಗೆ ಮಾಸ್ಕ್ ಹಾಕಿ ಮುಖದಲ್ಲಿ ನೆರಳಿರುವ ಬದಿಯ ಹೆಗಲನ್ನು ಸ್ವಲ್ಪ ಕತ್ತಲಾಗಿಸುವುದು ಒಳ್ಳೆಯ ದಾರಿ.

ಲಕ್ಷಣ: ಕುಗ್ಗಿಸಿದಾಗ ಸರಿಯಾಗಿದೆ, ದೊಡ್ಡದು ಮಾಡಿದರೆ ಬೇರೆ ಬೇರೆ ಚಿತ್ರವೆಂದು ಗೊತ್ತಾಗುತ್ತದೆ

ಬಣ್ಣಕ್ಕೆ ಸಂಬಂಧಿಸಿದಂತೆ ಕತ್ತು ತಲೆಯ ಜೊತೆಗೇ ಬಂದಿದ್ದರೆ ಹೊಂದಿಸಬೇಕಾದದ್ದು ಕೈಗಳನ್ನು ಮಾತ್ರ, ಅವು ಚಿತ್ರದಲ್ಲಿದ್ದರೆ. ಮುಖಕ್ಕಿಂತ ಕತ್ತಿನ ಒಳಭಾಗ ತಿಳಿಬಣ್ಣದ್ದಾಗಿರುವುದು ಬಿಸಿಲಿನಲ್ಲಿ ದುಡಿದವರಿಗೆ ಸಹಜ. ಅದನ್ನು ದೋಷವೆಂದು ತಿದ್ದಬಾರದು. ಮುಖವನ್ನು ಬಿಳಿ ಮಾಡಿಕೊಡಿ ಎಂದು ಕೇಳುವವರಿಗೆ, ಮಾಡಿದರೆ ಹೋಲಿಕೆ ಹೋಗುತ್ತದೆಂದು ನಾನು ಮೊದಲೇ ಹೇಳುತ್ತೇನೆ.

ಕಾಳಿನ ವ್ಯತ್ಯಾಸವನ್ನು ಎಲ್ಲವೂ ಮುಗಿದ ಮೇಲೆ ಸರಿಪಡಿಸಬೇಕು. ಹಳೆಯ ಮುದ್ರಣದಿಂದ ಬಂದ ಮುಖದಲ್ಲಿ ಕಾಳು ಇರುತ್ತದೆ, ಡಿಜಿಟಲ್ ಅಂಗಿಯಲ್ಲಿ ಇರುವುದಿಲ್ಲ. ಮುಖವನ್ನು ನುಣುಪು ಮಾಡುವ ಬದಲು ಅಂಗಿಯನ್ನು `Gaussian Blur` ಬಳಸಿ ಅರ್ಧ ಅಥವಾ ಒಂದು ಪಿಕ್ಸೆಲ್ ಮೃದು ಮಾಡಿ, ಅದರ ಮೇಲೆ `Add Noise` ಬಳಸಿ ಮುಖದಷ್ಟೇ ಕಾಳು ಸೇರಿಸಬೇಕು. ಕತ್ತಿನ ಅಂಚಿನ ಸುತ್ತ ಬಿಳಿಯ ಅಥವಾ ಹಳೆಯ ಹಿನ್ನೆಲೆಯ ಬಣ್ಣದ ತೆಳು ಗೆರೆ ಉಳಿದಿದ್ದರೆ ಮಾಸ್ಕನ್ನು ಒಂದೆರಡು ಪಿಕ್ಸೆಲ್ ಒಳಕ್ಕೆ ತಂದರೆ ಹೋಗುತ್ತದೆ.

ಎಲ್ಲಿ ಕೆಲಸ ನಿಲ್ಲಿಸಬೇಕು

ತಲೆ ಒಂದು ಪಕ್ಕಕ್ಕೆ ತಿರುಗಿದ್ದು ದೇಹ ನೇರವಾಗಿದ್ದರೆ ಸ್ವಲ್ಪ ಮಟ್ಟಿಗೆ ನಡೆಯುತ್ತದೆ, ಏಕೆಂದರೆ ಕತ್ತು ತಿರುಗುತ್ತದೆ. ಆದರೆ ಒಂದು ಚಿತ್ರ ಕೆಳಗಿನಿಂದ, ಇನ್ನೊಂದು ಮೇಲಿನಿಂದ ತೆಗೆದದ್ದಾದರೆ ಯಾವ ತಿದ್ದುಪಡಿಯೂ ಹೊಂದಿಸುವುದಿಲ್ಲ. ಮೂಗಿನ ಹೊಳ್ಳೆಗಳು ತೆರೆದು ಕಾಣುವ ಮುಖಕ್ಕೆ, ಹೆಗಲಿನ ಮೇಲ್ಮೈ ಕಾಣುವ ದೇಹ ಸೇರದು. ಆಗ ದೇಹದ ಚಿತ್ರವನ್ನು ಬದಲಿಸಬೇಕು. ಮನೆಯ ಮಗನೋ ತಮ್ಮನೋ ಅದೇ ಮೈಕಟ್ಟಿನವರಿದ್ದರೆ ಅವರಿಗೆ ಅಂಗಿ, ಶಲ್ಯ ತೊಡಿಸಿ, ತಲೆಯ ಚಿತ್ರದ ಎತ್ತರ ಮತ್ತು ಬೆಳಕಿಗೆ ತಕ್ಕಂತೆ ಹೊಸದಾಗಿ ಒಂದು ಚಿತ್ರ ತೆಗೆಯುವುದು ಸಿದ್ಧ ದೇಹಗಳ ಸಂಗ್ರಹದಲ್ಲಿ ದಿನವಿಡೀ ಹುಡುಕುವುದಕ್ಕಿಂತ ಉತ್ತಮ.

ಎರಡನೆಯ ಮಿತಿ ಮುಖದ ಗಾತ್ರ. ಮೂರೂವರೆಗೆ ನಾಲ್ಕೂವರೆ ಸೆಂಟಿಮೀಟರಿನ ಪಾಸ್‌ಪೋರ್ಟ್ ಚಿತ್ರವನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ಸಿಗುವುದು 413ಕ್ಕೆ 531 ಪಿಕ್ಸೆಲ್. 12ಕ್ಕೆ 18 ಇಂಚಿನ ಚೌಕಟ್ಟಿಗೆ ಅದೇ ಸೂಕ್ಷ್ಮತೆಯಲ್ಲಿ 3600ಕ್ಕೆ 5400 ಬೇಕು. 1200 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ಪಿಕ್ಸೆಲ್ ಹೆಚ್ಚುತ್ತವೆ, ಆದರೆ ಕಾಗದದಲ್ಲಿ ಇಲ್ಲದ ವಿವರ ಬರುವುದಿಲ್ಲ. ಎರಡು ಕಣ್ಣುಗಳ ನಡುವೆ ಅರವತ್ತು ಪಿಕ್ಸೆಲ್ಲೂ ಇಲ್ಲದಿದ್ದರೆ ನಾನು ದೊಡ್ಡ ಚೌಕಟ್ಟನ್ನು ಒಪ್ಪಿಕೊಳ್ಳುವುದಿಲ್ಲ. ಚಿಕ್ಕ ಅಳತೆಗೆ ಒಪ್ಪಿಸುತ್ತೇನೆ, ಅಥವಾ ಭಾವಚಿತ್ರ ಬರೆಯುವ ಕಲಾವಿದರ ಬಳಿ ಕಳುಹಿಸುತ್ತೇನೆ. ಇಲ್ಲದ ಕಣ್ಣನ್ನು ಕಲ್ಪಿಸಿ ತುಂಬಿದರೆ ಅದು ಇನ್ನೊಬ್ಬರ ಕಣ್ಣಾಗುತ್ತದೆ.

ಎಚ್ಚರಿಕೆಗಳು

ಹಳೆಯ ಫೋಟೊ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಎಳೆದು ಬಿಡಿಸಬಾರದು. ಚಿತ್ರದ ಪದರವೇ ಗಾಜಿನ ಜೊತೆಗೆ ಕಿತ್ತುಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಬೇಕು, ಇಲ್ಲವೆ ಬೆಳಕು ಪ್ರತಿಫಲಿಸದಂತೆ ಓರೆಯಿಂದ ದೀಪ ಇಟ್ಟು ಚಿತ್ರ ತೆಗೆಯಬೇಕು. ಮನೆಯವರ ಬಳಿ ಅದೊಂದೇ ಪ್ರತಿ ಇದ್ದರೆ ಅವರ ಎದುರಿಗೇ ಸ್ಕ್ಯಾನ್ ಮಾಡಿ ಆಗಲೇ ಹಿಂದಿರುಗಿಸುವುದು ಒಳ್ಳೆಯದು.

ಪಾಸ್‌ಪೋರ್ಟ್, ವೀಸಾ, ಪರೀಕ್ಷೆ ಅಥವಾ ಯಾವುದೇ ಗುರುತಿನ ಚೀಟಿಗಾಗಿ ಈ ಕೆಲಸ ಮಾಡಿಕೊಡಬಾರದು. ಮುಖ ಅರ್ಜಿದಾರರದೇ ಆಗಿದ್ದರೂ, ಬೇರೆ ದೇಹ ಅಥವಾ ಕೋಟು ಸೇರಿಸಿದ ಚಿತ್ರ ತಿದ್ದಿದ ಚಿತ್ರವೇ, ಮತ್ತು ಅರ್ಜಿ ತಿರಸ್ಕೃತವಾಗಬಹುದು. ಬದುಕಿರುವ ವ್ಯಕ್ತಿಯ ತಲೆಯನ್ನು ಅವರ ಒಪ್ಪಿಗೆಯಿಲ್ಲದೆ ಬೇರೆ ದೇಹಕ್ಕೆ ಸೇರಿಸುವುದು, ಅದರಲ್ಲಿಯೂ ಹೆಂಗಸರ ಚಿತ್ರವನ್ನು, ಯಾರೇ ತಮಾಷೆಗೆಂದು ಕೇಳಿದರೂ ಒಪ್ಪಬಾರದು. ಕಂಪ್ಯೂಟರ್ ಬಳಸಿ ಬೇರೊಬ್ಬರಂತೆ ತೋರಿಸಿಕೊಂಡು ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನ ಕೆಳಗೆ ಮೂರು ವರ್ಷದವರೆಗೆ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧ.

ದೇಹದ ಮಾಲೀಕರ ಒಪ್ಪಿಗೆಯನ್ನು ನಾವು ಸುಲಭವಾಗಿ ಮರೆಯುತ್ತೇವೆ. 1989ರಲ್ಲಿ ಅಮೆರಿಕದ ಟಿವಿ ಗೈಡ್ ಪತ್ರಿಕೆ ಓಪ್ರಾ ವಿನ್‌ಫ್ರೇ ಅವರ ತಲೆಯನ್ನು ನಟಿ ಆನ್-ಮಾರ್ಗರೆಟ್ ಅವರ ಹಳೆಯ ಚಿತ್ರವೊಂದರ ದೇಹಕ್ಕೆ ಸೇರಿಸಿ ಮುಖಪುಟಕ್ಕೆ ಹಾಕಿತು, ಇಬ್ಬರನ್ನೂ ಕೇಳಿರಲಿಲ್ಲ. ಉಡುಪನ್ನು ಹೊಲಿಸಿದ ವಿನ್ಯಾಸಕಾರರು ಅದನ್ನು ಗುರುತಿಸಿದ್ದರಿಂದ ವಿಷಯ ಹೊರಬಿತ್ತು. ನಮ್ಮ ತಾಲ್ಲೂಕಿನಲ್ಲಿ ಉಡುಪನ್ನು ಗುರುತಿಸುವವರು ಇನ್ನೂ ಹತ್ತಿರದವರಾಗಿರುತ್ತಾರೆ. ಮದುವೆಗೆ ತೆಗೆದ ಗಿರಾಕಿಯೊಬ್ಬರ ಚಿತ್ರದಿಂದ ಸೀರೆಯ ದೇಹವನ್ನು ಕತ್ತರಿಸಿಕೊಂಡರೆ, ಅದು ಪಕ್ಕದ ಬೀದಿಯ ಶ್ರದ್ಧಾಂಜಲಿ ಬ್ಯಾನರಿನಲ್ಲಿ ಅವರ ಕಣ್ಣಿಗೇ ಬೀಳಬಹುದು. ಆದ್ದರಿಂದ ನನ್ನ ಬಳಿ ಇರುವ ದೇಹದ ಚಿತ್ರಗಳೆಲ್ಲ ನಮ್ಮ ಮನೆಯವರವು ಮತ್ತು ಸ್ಟುಡಿಯೊದ ಹುಡುಗರವು. ಚಿತ್ರ ತೆಗೆಯುವ ಮೊದಲು ಅದು ಯಾವ ಕೆಲಸಕ್ಕೆಂದು ಪ್ರತಿಯೊಬ್ಬರಿಗೂ ಹೇಳಿದ್ದೇನೆ. ಬೇಡವೆಂದ ಇಬ್ಬರನ್ನು ಕ್ಯಾಮೆರಾದ ಮುಂದೆ ನಿಲ್ಲಿಸಲೇ ಇಲ್ಲ.